ಡಿ-ಡೈಮರ್ ರಿಪೋರ್ಟಿನಲ್ಲಿ ಕೆಂಪು ಅಕ್ಷರ: ಅದು ಏನು ಹೇಳುತ್ತೆ, ಏನು ಹೇಳಲ್ಲ

ಈ ಸಂಚಿಕೆಯ ವಿಷಯ ನಮಗೆ ಸಿಕ್ಕಿದ್ದು ನ್ಯೂಜೆರ್ಸಿಯ ಕೇಳುಗರೊಬ್ಬರಿಂದ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿ ಹೇಳ್ತಾ ಇದ್ದೀವಿ.

ಅವರ ತಾಯಿಗೆ 72 ವರ್ಷ. ಶಿವಮೊಗ್ಗದಿಂದ ಬೆಂಗಳೂರಿಗೆ ರಾತ್ರಿ ರೈಲು, ಅಲ್ಲಿಂದ ಎರಡು ವಿಮಾನ, ಒಟ್ಟು ಒಂದೂವರೆ ದಿನದ ಪ್ರಯಾಣ ಮಾಡಿ ಮೊಮ್ಮಗನ ಹುಟ್ಟುಹಬ್ಬಕ್ಕೆ ಬಂದಿದ್ದರು. ಬಂದ ನಾಲ್ಕನೇ ದಿನ ಬೆಳಗ್ಗೆ ಎಡಗಾಲಿನ ಮೀನಖಂಡ ಊದಿಕೊಂಡಿತ್ತು, ಮುಟ್ಟಿದರೆ ನೋವು. ‘ಮಂಡಿ ನೋವು ಮೊದಲಿಂದ ಇದ್ದದ್ದೇ, ಬಿಡಪ್ಪ’ ಅಂತ ಅಮ್ಮ. ‘ವಿಮಾನದಲ್ಲಿ ಕೂತು ಕೂತು ರಕ್ತ ಹೆಪ್ಪುಗಟ್ಟಿರುತ್ತೆ, ತಡ ಮಾಡಬೇಡ’ ಅಂತ ಪಕ್ಕದ ಮನೆ ಅಂಕಲ್. ಅದರ ಜೊತೆಗೆ, ತಮ್ಮ ಮನೆಯಲ್ಲಿ ಉಳಿದಿದ್ದ ರಕ್ತ ತೆಳುವಾಗಿಸುವ ಮಾತ್ರೆ ಇದೆ, ಒಂದು ಕೊಟ್ಟುಬಿಡು ಅಂತಲೂ ಹೇಳಿದರು. ಮಗ ಮಾತ್ರೆ ಕೊಡಲಿಲ್ಲ, ಅಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ಈ ತೀರ್ಮಾನಕ್ಕೆ ಎಷ್ಟು ಬೆಲೆ ಇತ್ತು ಅನ್ನೋದು ಕೊನೆಗೆ ಗೊತ್ತಾಗುತ್ತೆ.

ಎಮರ್ಜೆನ್ಸಿಯಲ್ಲಿ ರಕ್ತ ತೆಗೆದುಕೊಂಡರು. ಡಾಕ್ಟರು ವಾಪಸ್ ಬರುವ ಮೊದಲೇ ಫಲಿತಾಂಶ ಮಗನ ಫೋನಿಗೆ ಬಂತು: `D-Dimer 0.68 mg/L FEU`, ಪಕ್ಕದಲ್ಲಿ ಕೆಂಪು ಬಣ್ಣದ `H`. ಇರಬೇಕಾದ ಮಿತಿ 0.50 ಒಳಗೆ. ಅವರು ಅಮ್ಮನ 2021ರ ಹಳೆಯ ರಿಪೋರ್ಟನ್ನೂ ಫೋನಿನಲ್ಲೇ ಹುಡುಕಿ ತೆಗೆದರು. ಕೋವಿಡ್ ಆದಾಗ ಬೆಂಗಳೂರಿನಲ್ಲಿ ಮಾಡಿಸಿದ್ದು ಅದು. ಅದರಲ್ಲಿ 412 ಅಂತ ಇತ್ತು. ‘ಆಗ 412 ಇದ್ದದ್ದು ಈಗ 0.68 ಆಗಿದ್ದರೆ ಒಳ್ಳೇದೇ ಅಲ್ವಾ? ಮತ್ತೆ ಯಾಕೆ ಕೆಂಪು?’ ಇದು ಅವರು ನಮಗೆ ಕೇಳಿದ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಉತ್ತರಕ್ಕೆ ಮೊದಲು ಈ ಡಿ-ಡೈಮರ್ ಅಂದ್ರೆ ಏನು ಅಂತ ನೋಡೋಣ.

ಛತ್ರದ ಹಿಂದಿನ ಎಲೆಗಳು

ಗಾಯ ಆದಾಗ ರಕ್ತ ಹೆಪ್ಪುಗಟ್ಟುತ್ತೆ. ರಕ್ತದಲ್ಲಿ ಕರಗಿಕೊಂಡೇ ಇರುವ ಫೈಬ್ರಿನೋಜನ್ ಅನ್ನೋ ಪ್ರೋಟೀನು ಆಗ ಫೈಬ್ರಿನ್ ಎಂಬ ನೂಲಾಗಿ ಮಾರ್ಪಾಡಾಗುತ್ತೆ. ಈ ನೂಲುಗಳು ಬಲೆಯ ಹಾಗೆ ಹೆಣೆದುಕೊಳ್ಳುತ್ತವೆ, ಅವುಗಳ ನಡುವೆ ಗಟ್ಟಿ ಗಂಟುಗಳು ಬೀಳುತ್ತವೆ. ಕೆಲಸ ಮುಗಿದ ಮೇಲೆ ಪ್ಲಾಸ್ಮಿನ್ ಎಂಬ ಕಿಣ್ವ ಕತ್ತರಿಯ ಹಾಗೆ ಬಂದು ಬಲೆಯನ್ನು ತುಂಡು ತುಂಡು ಮಾಡುತ್ತೆ. ಆದರೆ ಆ ಗಂಟುಗಳನ್ನು ಮಾತ್ರ ಅದರಿಂದ ಬಿಡಿಸೋಕೆ ಆಗಲ್ಲ. ಹಾಗಾಗಿ ಗಂಟಿನ ಎರಡೂ ಬದಿಯ ‘ಡಿ’ ಎಂಬ ಭಾಗಗಳು ಜೋಡಿಯಾಗಿಯೇ ಉಳಿದು ರಕ್ತದಲ್ಲಿ ತೇಲುತ್ತವೆ. ಈ ಜೋಡಿಯೇ ಡಿ-ಡೈಮರ್.

ಅಂದರೆ ಡಿ-ಡೈಮರ್ ಹೆಪ್ಪು ಅಲ್ಲ, ಹೆಪ್ಪು ಕರಗಿದಾಗ ಉಳಿಯುವ ಚೂರು. ಮದುವೆ ಛತ್ರದ ಹಿಂದೆ ರಾಶಿ ಬಿದ್ದ ಎಂಜಲೆಲೆಗಳನ್ನು ನೆನಪು ಮಾಡಿಕೊಳ್ಳಿ. ಎಲೆ ಒಂದೂ ಇಲ್ಲ ಅಂದರೆ ಅಲ್ಲಿ ಊಟ ಆಗಿಲ್ಲ ಅಂತ ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಎಲೆ ಬಿದ್ದಿದ್ದರೆ? ಊಟ ಆಗಿದೆ, ಅಷ್ಟೇ. ಮದುವೆಯೋ, ನಾಮಕರಣವೋ, ತಿಥಿಯೋ ಅಂತ ಎಲೆ ನೋಡಿ ಹೇಳೋಕೆ ಆಗಲ್ಲ. ಈ ಪರೀಕ್ಷೆಯ ಶಕ್ತಿ, ಮಿತಿ ಎರಡೂ ಇಲ್ಲೇ ಇವೆ. ಇಲ್ಲ ಅನ್ನೋದನ್ನು ಅದು ಚೆನ್ನಾಗಿ ಹೇಳುತ್ತೆ, ಇದೆ ಅನ್ನೋದನ್ನು ಹೇಳೋದರಲ್ಲಿ ತುಂಬಾ ಹಿಂದೆ.

ಹುಡುಕ್ತಾ ಇರೋ ಕಾಯಿಲೆ ಡೀಪ್ ವೇನ್ ಥ್ರಾಂಬೋಸಿಸ್, ಚಿಕ್ಕದಾಗಿ ಡಿವಿಟಿ. ಕಾಲಿನ ಸ್ನಾಯುಗಳ ನಡುವೆ ಆಳದಲ್ಲಿ ಇರುವ ಅಭಿಧಮನಿಗಳಲ್ಲಿ, ಗಾಯವೇ ಇಲ್ಲದೆ ರಕ್ತ ಹೆಪ್ಪುಗಟ್ಟೋದು. ಕಾಲು ಊದೋದು, ನೋಯೋದು ಒಂದು ಕಡೆ. ನಿಜವಾದ ಭಯ ಅದಲ್ಲ. ಹೆಪ್ಪಿನ ಒಂದು ತುಂಡು ಕಳಚಿಕೊಂಡು, ರಕ್ತದ ಜೊತೆ ಮೇಲೆ ಹೋಗಿ, ಹೃದಯ ದಾಟಿ ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಳ್ಳಬಹುದು. ಅದು ಜೀವಕ್ಕೇ ಕುತ್ತು. ಅದಕ್ಕೇ ಊದಿದ ಒಂದು ಕಾಲನ್ನು ಡಾಕ್ಟರು ಹಗುರವಾಗಿ ತೆಗೆದುಕೊಳ್ಳಲ್ಲ.

ರಕ್ತಕ್ಕಿಂತ ಮೊದಲು ಟೇಪು

ಈಗ ಆಸ್ಪತ್ರೆಗೆ ವಾಪಸ್ ಬರೋಣ. ರಕ್ತ ತೆಗೆಯುವ ಮೊದಲು ಡಾಕ್ಟರು ಅಮ್ಮನ ಎರಡೂ ಕಾಲುಗಳನ್ನು ಟೇಪು ಹಿಡಿದು ಅಳೆದರಂತೆ. ಮಗನಿಗೆ ಇದು ವಿಚಿತ್ರ ಅನ್ನಿಸಿತು. ಆದರೆ ಇಡೀ ಪರೀಕ್ಷೆಯ ಬುನಾದಿ ಆ ಟೇಪು. ಕೆನಡಾದ ಒಟ್ಟಾವಾದ ವೈದ್ಯ ಫಿಲಿಪ್ ವೆಲ್ಸ್ ಮತ್ತವರ ಜೊತೆಗಾರರು ರೂಪಿಸಿದ ಅಂಕಪಟ್ಟಿಯೊಂದಿದೆ, ವೆಲ್ಸ್ ಸ್ಕೋರ್ ಅಂತ. ಅದರ ಈಗಿನ ರೂಪ ಬಂದದ್ದು 2003ರಲ್ಲಿ.

ಅದು ಕೇಳುವ ಪ್ರಶ್ನೆಗಳು ಸರಳ. ಚಿಕಿತ್ಸೆಯಲ್ಲಿರುವ ಕ್ಯಾನ್ಸರ್ ಇದೆಯಾ? ಕಾಲಿಗೆ ಲಕ್ವ ಹೊಡೆದಿದೆಯಾ, ಪ್ಲಾಸ್ಟರ್ ಹಾಕಿದ್ದಾರಾ? ಇತ್ತೀಚೆಗೆ ಮೂರು ದಿನ ಹಾಸಿಗೆ ಹಿಡಿದಿದ್ದರಾ, ಅಥವಾ ಕಳೆದ 12 ವಾರದಲ್ಲಿ ದೊಡ್ಡ ಆಪರೇಷನ್ ಆಗಿದೆಯಾ? ಆಳದ ಅಭಿಧಮನಿ ಸಾಗುವ ದಾರಿಯಲ್ಲಿ ಒತ್ತಿದರೆ ನೋವಾ? ಇಡೀ ಕಾಲು ಊದಿದೆಯಾ? ಮೀನಖಂಡದ ಸುತ್ತಳತೆ ಇನ್ನೊಂದು ಕಾಲಿಗಿಂತ 3 ಸೆಂಟಿಮೀಟರ್‌ಗೂ ಹೆಚ್ಚಿದೆಯಾ? ಬೆರಳಲ್ಲಿ ಒತ್ತಿದರೆ ಆ ಕಾಲಲ್ಲಿ ಮಾತ್ರ ಗುಳಿ ಬೀಳುತ್ತಾ? ಚರ್ಮದ ಮೇಲೆ ಹೊಸದಾಗಿ ನರಗಳು ಎದ್ದಿವೆಯಾ? ಹಿಂದೆ ಡಿವಿಟಿ ಆಗಿತ್ತಾ? ಪ್ರತಿ ‘ಹೌದು’ಗೆ ಒಂದು ಅಂಕ. ಕೊನೆಗೆ ಒಂದು ಪ್ರಶ್ನೆ: ಈ ಊತಕ್ಕೆ ಡಿವಿಟಿಯಷ್ಟೇ ಅಥವಾ ಅದಕ್ಕಿಂತ ಹೆಚ್ಚು ಸಾಧ್ಯತೆ ಇರೋ ಬೇರೆ ಕಾರಣ ಇದೆಯಾ? ಇದ್ದರೆ ಎರಡು ಅಂಕ ಕಳೀಬೇಕು.

ಒಂದು ಗಮನಿಸಿ. ವಿಮಾನ ಪ್ರಯಾಣ ಈ ಪಟ್ಟಿಯಲ್ಲಿ ಇಲ್ಲ. ದೂರದ ಪ್ರಯಾಣ ಅಪಾಯವನ್ನು ಹೆಚ್ಚಿಸೋದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆಗಿಂತ ಉದ್ದದ ಪ್ರಯಾಣದ ನಂತರ ಇಂಥ ಹೆಪ್ಪು ಆಗೋದು ಆರೋಗ್ಯವಂತರಲ್ಲಿ ಸುಮಾರು 6000 ಜನರಲ್ಲಿ ಒಬ್ಬರಿಗೆ. ಡಾಕ್ಟರು ಪ್ರಯಾಣದ ವಿಷಯ ಕೇಳಿಯೇ ಕೇಳುತ್ತಾರೆ. ಆದರೆ ಪ್ರಯಾಣ ಮಾಡಿದ್ದಾರೆ ಅನ್ನೋದಕ್ಕಿಂತ, ಎದುರಿಗಿರುವ ಕಾಲು ಏನು ಹೇಳ್ತಾ ಇದೆ ಅನ್ನೋದು ಹೆಚ್ಚು ತೂಕದ್ದು.

ಅಮ್ಮನ ಅಂಕ ಲೆಕ್ಕ ಹಾಕೋಣ. ಮಂಡಿಯ ಕೆಳಗೆ ಮೂಳೆ ಉಬ್ಬಿರುವ ಜಾಗದಿಂದ 10 ಸೆಂಟಿಮೀಟರ್ ಕೆಳಗೆ ಅಳೆದಾಗ ಎಡಗಾಲು 36, ಬಲಗಾಲು 34.5. ವ್ಯತ್ಯಾಸ ಒಂದೂವರೆ, ಅಂಕ ಇಲ್ಲ. ಮೀನಖಂಡದ ನಡುವೆ ಒತ್ತಿದರೆ ನೋವು, ಒಂದು ಅಂಕ. ಗುಳಿ ಬೀಳೋದು ಎಡಗಾಲಲ್ಲಿ ಮಾತ್ರ, ಇನ್ನೊಂದು. ಆದರೆ ಮಂಡಿ ಸವೆದು ವರ್ಷಗಳಾಗಿವೆ, ಮಂಡಿಯ ಹಿಂದೆ ಆಗಾಗ ಒಂದು ಮೆತ್ತನೆಯ ಗಂಟು ಏಳುತ್ತಿತ್ತು, ಈಗ ಅದು ಇಲ್ಲ. ಡಾಕ್ಟರಿಗೆ ಬೇರೆ ಕಾರಣ ಕಂಡಿತು, ಎರಡು ಅಂಕ ಕಳೆದರು. ಒಟ್ಟು ಸೊನ್ನೆ. ಒಂದು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ‘ಡಿವಿಟಿ ಇರುವ ಸಾಧ್ಯತೆ ಕಡಿಮೆ’, ಎರಡು ಅಥವಾ ಹೆಚ್ಚಿದ್ದರೆ ‘ಸಾಧ್ಯತೆ ಇದೆ’.

ಈ ಅಂಕ ಯಾಕೆ ಮೊದಲು ಬೇಕು?

ಒಂದು ಸಣ್ಣ ಲೆಕ್ಕ ಮಾಡಿದರೆ ತಿಳಿಯುತ್ತೆ. ಅಂಕ ಕಡಿಮೆ ಇರುವ ಸಾವಿರ ಜನ ಬಂದಿದ್ದಾರೆ, ಅವರಲ್ಲಿ 50 ಜನರಿಗೆ ನಿಜವಾಗಿ ಡಿವಿಟಿ ಇದೆ ಅಂದುಕೊಳ್ಳಿ. ಡಿ-ಡೈಮರ್ ಪರೀಕ್ಷೆ, ಹೆಪ್ಪು ಇರುವ 100 ಜನರಲ್ಲಿ 95 ಜನರನ್ನು ಹಿಡಿಯುತ್ತೆ ಅಂತ ಇಟ್ಟುಕೊಳ್ಳೋಣ. ಆದರೆ ಹೆಪ್ಪು ಇಲ್ಲದ 100 ಜನರಲ್ಲಿ 40 ಜನರಿಗೆ ಮಾತ್ರ ‘ಇಲ್ಲ’ ಅನ್ನುತ್ತೆ, ಉಳಿದ 60 ಜನರಿಗೆ ಸುಮ್ಮನೆ ಕೆಂಪು ಅಕ್ಷರ ತೋರಿಸುತ್ತೆ. ಲೆಕ್ಕಕ್ಕೆ ಅಂತ ನಾವು ಇಟ್ಟುಕೊಂಡ ಅಂಕಿಗಳಿವು, ಆದರೆ ವಾಸ್ತವಕ್ಕೆ ಹತ್ತಿರದವೇ.

ಹಾಗಾದರೆ 50 ಜನರಲ್ಲಿ ಸುಮಾರು 48 ಜನ ಸಿಕ್ಕಿಬೀಳುತ್ತಾರೆ, ಇಬ್ಬರು ತಪ್ಪಿಸಿಕೊಳ್ಳುತ್ತಾರೆ. ಹೆಪ್ಪು ಇಲ್ಲದ 950 ಜನರಲ್ಲಿ 380 ಜನರಿಗೆ ‘ಇಲ್ಲ’, 570 ಜನರಿಗೆ ಕೆಂಪು. ಈಗ ನೋಡಿ. ಕೆಂಪು ಬಂದವರು ಒಟ್ಟು 618, ಅವರಲ್ಲಿ ಹೆಪ್ಪು ಇರೋದು 48 ಜನರಿಗೆ, ಅಂದರೆ 13 ಜನರಲ್ಲಿ ಒಬ್ಬರಿಗೆ. ‘ಇಲ್ಲ’ ಬಂದವರು 382, ಅವರಲ್ಲಿ ತಪ್ಪಿಹೋದವರು ಇಬ್ಬರು. ಆ 382 ಜನ ನೆಮ್ಮದಿಯಾಗಿ ಮನೆಗೆ ಹೋಗಬಹುದು, ಸ್ಕ್ಯಾನ್ ಬೇಡ, ಖರ್ಚಿಲ್ಲ. ಈ ಪರೀಕ್ಷೆ ಇರೋದೇ ಇದಕ್ಕೆ.

ಅದೇ ಪರೀಕ್ಷೆಯನ್ನು ಅಂಕ ಹೆಚ್ಚಿರುವ ಸಾವಿರ ಜನರಿಗೆ ಮಾಡಿ. ಅವರಲ್ಲಿ 300 ಜನರಿಗೆ ಡಿವಿಟಿ ಇದೆ ಅಂದುಕೊಳ್ಳಿ. 285 ಸಿಕ್ಕಿತು, 15 ತಪ್ಪಿತು. ಹೆಪ್ಪು ಇಲ್ಲದ 700 ಜನರಲ್ಲಿ 280 ಜನರಿಗೆ ‘ಇಲ್ಲ’. ಹಾಗಾಗಿ ‘ಇಲ್ಲ’ ಬಂದ 295 ಜನರಲ್ಲಿ 15 ಜನರಿಗೆ ಹೆಪ್ಪು ಇದ್ದೇ ಇದೆ, 20 ಜನರಲ್ಲಿ ಒಬ್ಬರಿಗೆ. ಇವರನ್ನು ಮನೆಗೆ ಕಳಿಸೋದು ಸರಿಯಲ್ಲ. ಪರೀಕ್ಷೆ ಬದಲಾಗಲಿಲ್ಲ, ಪರೀಕ್ಷೆ ಮಾಡಿಸಿಕೊಂಡವರು ಬದಲಾದರು. ಅದಕ್ಕೇ ಅಂಕ ಹೆಚ್ಚಿದ್ದರೆ ಡಿ-ಡೈಮರ್ ಮೇಲೆ ಮಾತ್ರ ನಿಲ್ಲದೆ ಅಲ್ಟ್ರಾಸೌಂಡ್ ಮಾಡುತ್ತಾರೆ. ಕಾಲಿನ ಮೇಲೆ ಯಂತ್ರದ ಹಿಡಿಯನ್ನು ಒತ್ತಿ ಹಿಡಿದಾಗ ಖಾಲಿ ಅಭಿಧಮನಿ ಚಪ್ಪಟೆ ಆಗುತ್ತೆ. ಒಳಗೆ ಹೆಪ್ಪು ಇದ್ದರೆ ಚಪ್ಪಟೆ ಆಗಲ್ಲ. ಅಷ್ಟು ಸರಳ.

412 ಮತ್ತು 0.68

ಈಗ ಮಗನ ಪ್ರಶ್ನೆಗೆ ಬರೋಣ. ಮೊದಲ ತೊಡಕು ಅಳತೆಯದು. ಅಮೆರಿಕದ ರಿಪೋರ್ಟು `mg/L`ನಲ್ಲಿ, ಬೆಂಗಳೂರಿನದು `ng/mL`ನಲ್ಲಿ. 0.68ನ್ನು 1000ದಿಂದ ಗುಣಿಸಿದರೆ 680 ಆಗುತ್ತೆ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ರಿಪೋರ್ಟಿನ ಕೊನೆಯಲ್ಲಿ `FEU` ಅಥವಾ `DDU` ಅಂತ ಮೂರು ಅಕ್ಷರ ಇರುತ್ತೆ. ಮೊದಲನೆಯದು ಚೂರನ್ನು ಮೂಲ ಫೈಬ್ರಿನೋಜನ್ ತೂಕಕ್ಕೆ ಸಮ ಮಾಡಿ ಹೇಳುತ್ತೆ, ಎರಡನೆಯದು ಚೂರಿನದೇ ತೂಕ ಹೇಳುತ್ತೆ. ಒಂದೇ ರಕ್ತದಲ್ಲಿ ಮೊದಲನೆಯ ಸಂಖ್ಯೆ ಎರಡನೆಯದಕ್ಕಿಂತ ಸುಮಾರು ಎರಡು ಪಟ್ಟು ಇರುತ್ತೆ.

ಹಳೆಯ ರಿಪೋರ್ಟನ್ನು ಮತ್ತೆ ನೋಡಿ ಅಂದ್ವಿ. ಪಕ್ಕದಲ್ಲಿ ಸಾಮಾನ್ಯ ಮಿತಿ ‘250ರ ಒಳಗೆ’ ಅಂತ ಇತ್ತು, ಕೆಳಗೆ ಸಣ್ಣಕ್ಷರದಲ್ಲಿ `DDU`. ಹಾಗಾದರೆ ಆಗಿನ 412 ಈಗಿನ ಅಳತೆಯಲ್ಲಿ ಸುಮಾರು 820. ಅಂದರೆ ಅದು ಈಗಿನದಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ, ಸಾವಿರ ಪಟ್ಟು ಅಲ್ಲ. ಬೇರೆ ಬೇರೆ ಲ್ಯಾಬುಗಳ ಯಂತ್ರಗಳೂ ಬೇರೆ, ಹಾಗಾಗಿ ಈ ಪರಿವರ್ತನೆಯೂ ಅಂದಾಜೇ. ಎರಡು ದೇಶದ ರಿಪೋರ್ಟು ಕೈಯಲ್ಲಿ ಹಿಡಿದಿರುವ ನಮ್ಮಂಥವರು ಮೊದಲು ನೋಡಬೇಕಾದ್ದು ಸಂಖ್ಯೆಯನ್ನಲ್ಲ, ಪಕ್ಕದ ಅಳತೆ ಮತ್ತು ಮಿತಿಯನ್ನು.

ಇನ್ನು ಕೆಂಪು ಅಕ್ಷರ. 500 ಅನ್ನೋ ಗಡಿ ಎಲ್ಲಾ ವಯಸ್ಸಿನವರಿಗೂ ಒಂದೇ. ಆದರೆ ವಯಸ್ಸಾದ ಹಾಗೆ ಡಿ-ಡೈಮರ್ ತಾನಾಗೇ ಏರುತ್ತೆ. 30 ವರ್ಷದವರಿಗೆ ಹೊಲಿದ ಅಂಗಿಯನ್ನು 72ರವರಿಗೆ ತೊಡಿಸಿದ ಹಾಗಾಯ್ತು. ಇದನ್ನು ಸರಿಪಡಿಸೋಕೆ ಒಂದು ಸುಲಭ ಸೂತ್ರ ಬಂತು. 50 ದಾಟಿದವರಿಗೆ ವಯಸ್ಸನ್ನು 10ರಿಂದ ಗುಣಿಸಿ, ಅದೇ ಅವರ ಗಡಿ. ಇದು `FEU` ಅಳತೆಗೆ ಮಾತ್ರ, `DDU` ಆದರೆ 5ರಿಂದ. ಶ್ವಾಸಕೋಶದ ಹೆಪ್ಪಿನ ಅನುಮಾನ ಇದ್ದ 3346 ಜನರ ಮೇಲೆ ಯುರೋಪಿನ ನಾಲ್ಕು ದೇಶಗಳಲ್ಲಿ ಇದನ್ನು ಪರೀಕ್ಷಿಸಿದರು, ಫಲಿತಾಂಶ 2014ರಲ್ಲಿ ಬಂತು. 500ಕ್ಕಿಂತ ಹೆಚ್ಚು, ಆದರೆ ವಯಸ್ಸಿನ ಗಡಿಯ ಒಳಗೆ ಇದ್ದು ಚಿಕಿತ್ಸೆ ಇಲ್ಲದೆ ಮನೆಗೆ ಹೋದ 331 ಜನರಲ್ಲಿ, ಮುಂದಿನ ಮೂರು ತಿಂಗಳಲ್ಲಿ ಹೆಪ್ಪು ಕಾಣಿಸಿದ್ದು ಒಬ್ಬರಿಗೆ ಮಾತ್ರ. ಬ್ರಿಟನ್ನಿನ ನೈಸ್ ಮಾರ್ಗಸೂಚಿ ಕಾಲಿನ ಹೆಪ್ಪಿಗೂ 50 ದಾಟಿದವರಿಗೆ ಈ ಸೂತ್ರವನ್ನು ಪರಿಗಣಿಸಿ ಅನ್ನುತ್ತೆ. ಆದರೆ ಎಲ್ಲಾ ಆಸ್ಪತ್ರೆಗಳೂ ಇದನ್ನು ಬಳಸಲ್ಲ, ಲ್ಯಾಬಿನ ಕಂಪ್ಯೂಟರಂತೂ 500 ದಾಟಿದ ಕೂಡಲೇ ಕೆಂಪು ಹಾಕಿಬಿಡುತ್ತೆ.

ಅಮ್ಮನ ವಯಸ್ಸು 72, ಗಡಿ 720. ಬಂದದ್ದು 680. ಡಾಕ್ಟರು ಒಳಗೆ ಬಂದು ಹೇಳಿದ್ದೂ ಇದನ್ನೇ: ಅಂಕ ಸೊನ್ನೆ, ಡಿ-ಡೈಮರ್ ವಯಸ್ಸಿಗೆ ತಕ್ಕ ಗಡಿಯೊಳಗೆ, ಇದು ಡಿವಿಟಿ ಅಲ್ಲ.

ಸುಮ್ಮಸುಮ್ಮನೆ ಏರೋದು, ಮೋಸದಿಂದ ಇಳಿಯೋದು

ಎಲೆ ಬೀಳೋಕೆ ಮದುವೆಯೇ ಆಗಬೇಕಿಲ್ಲ. ಗರ್ಭಿಣಿಯರಲ್ಲಿ ತಿಂಗಳು ತುಂಬಿದ ಹಾಗೆ ಡಿ-ಡೈಮರ್ ಏರುತ್ತೆ, ಕೊನೆಯ ಮೂರು ತಿಂಗಳಲ್ಲಿ ಬಹುತೇಕರು 500 ದಾಟಿರುತ್ತಾರೆ. ಮಂಡಿ ಬದಲಿಸುವಂಥ ಆಪರೇಷನ್ ಆದಮೇಲೆ ವಾರಗಟ್ಟಲೆ ಹೆಚ್ಚಿರುತ್ತೆ. ಬಿದ್ದು ಪೆಟ್ಟಾದರೂ, ನ್ಯುಮೋನಿಯಾ ಬಂದರೂ, ಕ್ಯಾನ್ಸರ್ ಇದ್ದರೂ, ಲಿವರ್ ಕಾಯಿಲೆ ಇದ್ದರೂ ಏರುತ್ತೆ. ಕೋವಿಡ್ ಸಮಯದಲ್ಲಿ ಬೆಂಗಳೂರಿನ ಮನೆಮನೆಗಳಲ್ಲಿ ಈ ಹೆಸರು ಓಡಾಡಿತ್ತಲ್ಲ, ಅದೂ ಇದಕ್ಕೇ. ಸೋಂಕಿನ ಉರಿಯೂತದಲ್ಲೂ ದೇಹ ಫೈಬ್ರಿನ್ ಹೆಣೆಯುತ್ತೆ, ಕತ್ತರಿಸುತ್ತೆ. ಅಮ್ಮನ ಆ 412 ಬಂದದ್ದು ಹಾಗೆ. ಆದ್ದರಿಂದ ಯಾವ ತೊಂದರೆಯೂ ಇಲ್ಲದೆ ‘ಇರಲಿ ಅಂತ’ ಚೆಕಪ್ ಜೊತೆ ಡಿ-ಡೈಮರ್ ಮಾಡಿಸಿದರೆ ಸಿಗೋದು ಬಹುಪಾಲು ಚಿಂತೆ ಮಾತ್ರ.

ಇದಕ್ಕೆ ಉಲ್ಟಾ ತಪ್ಪೂ ಇದೆ, ಅದು ಹೆಚ್ಚು ಅಪಾಯದ್ದು. ನೋವು ಶುರುವಾಗಿ ಎರಡು ಮೂರು ವಾರ ಕಳೆದಿದ್ದರೆ ಹಳೆಯ ಎಲೆಗಳನ್ನು ಆಗಲೇ ಗುಡಿಸಿರಬಹುದು. ಡಿ-ಡೈಮರ್ ಕಡಿಮೆ ಬರುತ್ತೆ, ಹೆಪ್ಪು ಅಲ್ಲೇ ಇರುತ್ತೆ. ಮೀನಖಂಡದಲ್ಲಿ ತುಂಬಾ ಚಿಕ್ಕ ಹೆಪ್ಪು ಇದ್ದರೆ ಬೀಳುವ ಎಲೆಯೂ ಕಡಿಮೆ. ಮೂರನೆಯದು, ರಕ್ತ ತೆಳುವಾಗಿಸುವ ಔಷಧಿಯನ್ನು ಮೊದಲೇ ತೆಗೆದುಕೊಂಡಿದ್ದರೆ ಹೊಸ ಹೆಪ್ಪು ಬೆಳೆಯೋದು ನಿಲ್ಲುತ್ತೆ, ಸಂಖ್ಯೆ ಇಳಿಯುತ್ತೆ. ಪಕ್ಕದ ಮನೆ ಅಂಕಲ್ ಹೇಳಿದ ಮಾತ್ರೆ ಕೊಟ್ಟಿದ್ದರೆ ಆ 680ನ್ನು ನಂಬೋದೇ ಕಷ್ಟ ಆಗ್ತಿತ್ತು.

ಅಪಾಯ ಅಷ್ಟೇ ಅಲ್ಲ. ಮರುದಿನ ಮಂಡಿಯ ಹಿಂಬದಿಗೆ ಅಲ್ಟ್ರಾಸೌಂಡ್ ಮಾಡಿದಾಗ ಅಭಿಧಮನಿಗಳೆಲ್ಲ ಸರಿಯಾಗಿ ಚಪ್ಪಟೆಯಾದವು. ಕಂಡದ್ದು ಬೇಕರ್ಸ್ ಸಿಸ್ಟ್, ಸವೆದ ಮಂಡಿಯಿಂದ ದ್ರವ ಹಿಂದಕ್ಕೆ ತಳ್ಳಿ ಆಗುವ ಚೀಲ. ಅದು ಒಡೆದು ದ್ರವ ಮೀನಖಂಡಕ್ಕೆ ಇಳಿದಿತ್ತು, ಹಿಂದಿದ್ದ ಗಂಟು ಮಾಯವಾದದ್ದೂ ಅದಕ್ಕೇ. ಇದು ನೋಡೋಕೆ ಡಿವಿಟಿಯ ಹಾಗೇ ಇರುತ್ತೆ. ಇಂಥ ಕಾಲಿಗೆ ರಕ್ತ ತೆಳುವಾಗಿಸುವ ಔಷಧಿ ಕೊಟ್ಟರೆ ಮೀನಖಂಡದ ಒಳಗೇ ರಕ್ತ ಸೋರಿ, ಒತ್ತಡ ಹೆಚ್ಚಾಗಿ, ಸ್ನಾಯುಗಳಿಗೆ ಹಾನಿ ಆಗುವ ಸಾಧ್ಯತೆ ಇದೆ. ಒಂದು ಮಾತ್ರೆಯಿಂದ ಹಾಗೆ ಆಗ್ತಿತ್ತು ಅಂತ ಅಲ್ಲ, ಆದರೆ ಊಹೆಯ ಮೇಲೆ ಶುರು ಮಾಡಿದ ಔಷಧಿ ಒಂದಕ್ಕೇ ನಿಲ್ಲಲ್ಲ. ಅಮ್ಮನಿಗೆ ಕೊನೆಗೆ ಬೇಕಾದ್ದು ಐಸು, ಕಾಲನ್ನು ಎತ್ತರಕ್ಕೆ ಇಟ್ಟು ವಿಶ್ರಾಂತಿ ಮತ್ತು ಮಂಡಿಯ ಚಿಕಿತ್ಸೆ.

ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಹೇಳಿ ಕಳಿಸಿದ ಒಂದು ಮಾತು ನಿಮಗೂ ಹೇಳಿಬಿಡ್ತೀವಿ. ಊತ ಹೆಚ್ಚಾದರೆ ಅಥವಾ ಒಂದು ವಾರದಲ್ಲಿ ಕಡಿಮೆ ಆಗದಿದ್ದರೆ ವಾಪಸ್ ಬನ್ನಿ, ‘ಇಲ್ಲ’ ಅನ್ನೋ ಫಲಿತಾಂಶ ಆ ದಿನದ್ದು ಮಾತ್ರ. ಇದ್ದಕ್ಕಿದ್ದ ಹಾಗೆ ಉಸಿರು ಸಿಕ್ಕಿಕೊಂಡರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ತಲೆ ಸುತ್ತಿ ಬಿದ್ದರೆ ಯಾವ ರಿಪೋರ್ಟನ್ನೂ ಕಾಯದೆ ಆಂಬುಲೆನ್ಸ್ ಕರೆಯಿರಿ.

ಹುಟ್ಟುಹಬ್ಬಕ್ಕೆ ಅಮ್ಮ ಕುರ್ಚಿಯಲ್ಲಿ ಕಾಲು ಚಾಚಿ ಕೂತೇ ಒಬ್ಬಟ್ಟಿನ ಹೂರಣ ಮಾಡಿಸಿದರಂತೆ. ಅಂಕಲ್ ಕೂಡ ಬಂದು ತಿಂದು ಹೋದರು, ಮಾತ್ರೆಯ ಮಾತು ಎತ್ತಲಿಲ್ಲವಂತೆ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.